ಫೋಟೊಗಳಿಂದ ನಿಜವಾದ ಅಳತೆ: ಸ್ಕೇಲ್ ಬಾರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಮಣ್ಣಿನ ಮಡಕೆಯ ಸುತ್ತ ಎಪ್ಪತ್ತು ಚಿಲ್ಲರೆ ಫೋಟೊ ತೆಗೆದು, ಅದರ 3ಡಿ ಮಾಡೆಲ್ ಮಾಡಿ, ಆ ಮಾಡೆಲ್ ನೋಡಿಕೊಂಡು ಒಂದು ಮುಚ್ಚಳ 3ಡಿ ಪ್ರಿಂಟ್ ಮಾಡಿದ್ದೆ. ಮುಚ್ಚಳ ಸುಮಾರು ನಾಲ್ಕು ಮಿಲಿಮೀಟರ್ ದೊಡ್ಡದಾಯಿತು. ಮಾಡೆಲ್ ನೋಡೋಕೆ ಚೆನ್ನಾಗಿಯೇ ಇತ್ತು, ಸಾಫ್ಟ್‌ವೇರ್ ತೋರಿಸಿದ ತಪ್ಪಿನ ಅಂಕಿಗಳೂ ಪುಟ್ಟವೇ. ತಪ್ಪಿದ್ದು ಸ್ಕೇಲ್ ಒಂದೇ. ಆಮೇಲೆ ಈ ಕೆಲಸ ಮಾಡುವವರು ನನ್ನನ್ನು ಕೇಳಿದ ಪ್ರಶ್ನೆಗಳು, ನಾನೇ ತಲೆ ಕೆರೆದುಕೊಂಡ ಪ್ರಶ್ನೆಗಳು, ಎಲ್ಲ ಸೇರಿ ಇಲ್ಲಿವೆ. ಉದಾಹರಣೆ ಪೂರ್ತಿ ಅದೇ ಮಡಕೆಯದ್ದು.

ಇಷ್ಟೊಂದು ಫೋಟೊ ಇದ್ದರೂ ಸಾಫ್ಟ್‌ವೇರ್‌ಗೆ ವಸ್ತುವಿನ ಗಾತ್ರ ಯಾಕೆ ಗೊತ್ತಾಗುವುದಿಲ್ಲ?

ಸೂರ್ಯ ಮತ್ತು ಚಂದ್ರ ಆಕಾಶದಲ್ಲಿ ಹೆಚ್ಚು ಕಡಿಮೆ ಒಂದೇ ಗಾತ್ರ ಕಾಣುತ್ತವೆ, ಅಲ್ವಾ? ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡದು, ಆದರೆ ಸುಮಾರು 400 ಪಟ್ಟು ದೂರದಲ್ಲೂ ಇದೆ. ಕಣ್ಣಿಗೆ ಸಿಗುವುದು ಕೋನ ಮಾತ್ರ. ಕ್ಯಾಮೆರಾಗೂ ಅಷ್ಟೇ.

ಒಂದೇ ಫೋಟೊದಲ್ಲಿ ಹೀಗಾಗುವುದು ಎಲ್ಲರಿಗೂ ಅರ್ಥವಾಗುತ್ತದೆ. ಎಪ್ಪತ್ತು ಫೋಟೊ ಇದ್ದರೆ ಸರಿಹೋಗಬೇಕಲ್ಲ ಅಂತ ಅನಿಸುತ್ತದೆ, ನನಗೂ ಅನಿಸಿತ್ತು. ಹೀಗೆ ಯೋಚಿಸಿ. ಮಡಕೆ ಎರಡು ಪಟ್ಟು ದೊಡ್ಡದಾಯಿತು ಎಂದುಕೊಳ್ಳಿ. ಜೊತೆಗೆ ನೀವು ಕ್ಯಾಮೆರಾ ಹಿಡಿದು ನಿಂತ ಒಂದೊಂದು ಜಾಗವೂ ಎರಡು ಪಟ್ಟು ದೂರ ಹೋಯಿತು, ಒಂದು ಜಾಗದಿಂದ ಇನ್ನೊಂದಕ್ಕೆ ಇದ್ದ ಅಂತರವೂ ಎರಡು ಪಟ್ಟಾಯಿತು. ಆಗ ಬರುವ ಎಪ್ಪತ್ತೂ ಫೋಟೊಗಳಲ್ಲಿ ಮಡಕೆಯ ಮೇಲಿನ ಪ್ರತಿ ಚುಕ್ಕೆ ಮೊದಲಿದ್ದ ಪಿಕ್ಸೆಲ್‌ನಲ್ಲೇ ಬೀಳುತ್ತದೆ. ಫೋಟೊಗಳಲ್ಲಿ ಒಂದು ಚೂರೂ ವ್ಯತ್ಯಾಸ ಇಲ್ಲದ ಮೇಲೆ, ಯಾವ ಗಾತ್ರ ನಿಜ ಎಂದು ಸಾಫ್ಟ್‌ವೇರ್ ಹೇಗೆ ಹೇಳೀತು?

ಹಾಗಾಗಿ ಅದು ಆಕಾರವನ್ನು ಸರಿಯಾಗಿ ಕಂಡುಹಿಡಿದು, ಗಾತ್ರಕ್ಕೆ ತನಗೆ ತೋಚಿದ ಒಂದು ಅಳತೆ ಇಟ್ಟುಕೊಳ್ಳುತ್ತದೆ. ನನ್ನ ಮಾಡೆಲ್‌ನಲ್ಲಿ ಮಡಕೆಯ ಎತ್ತರ 4.2310 ಎಂದು ಬಂತು. ಏನು 4.2310? ಮೀಟರೂ ಅಲ್ಲ, ಅಡಿಯೂ ಅಲ್ಲ. ಸುಮ್ನೆ ಒಂದು ಸಂಖ್ಯೆ. ಅದನ್ನು ಮಿಲಿಮೀಟರ್ ಮಾಡಲು ಒಂದೇ ಒಂದು ಗುಣಕ ಬೇಕು. ಇಡೀ ಮಾಡೆಲ್‌ಗೆ ಒಂದೇ ಗುಣಕ. ಅದನ್ನು ಕೊಡುವುದೇ ಸ್ಕೇಲ್ ಬಾರ್‌ನ ಕೆಲಸ.

ಲೆನ್ಸ್ 35 ಮಿ.ಮೀ. ಎಂದು ಫೋಟೊದಲ್ಲೇ ಬರೆದಿರುತ್ತದಲ್ಲ, ಅದರಿಂದ ಲೆಕ್ಕ ಹಾಕಲು ಆಗುವುದಿಲ್ಲವೇ?

ಆಗುವುದಿಲ್ಲ. ಲೆನ್ಸ್‌ನ ಫೋಕಲ್ ಲೆಂತ್ ಮತ್ತು ಸೆನ್ಸರ್ ಅಳತೆ ಸೇರಿದರೆ ಒಂದು ಪಿಕ್ಸೆಲ್ ಎಷ್ಟು ಕೋನಕ್ಕೆ ಸಮ ಎಂದು ಗೊತ್ತಾಗುತ್ತದೆ. ಅಷ್ಟೇ. ದೂರ ಗೊತ್ತಿಲ್ಲದೆ ಕೋನದಿಂದ ಗಾತ್ರ ಸಿಗುವುದಿಲ್ಲ.

ಇದನ್ನು ಕೇಳುವವರು ತುಂಬಾ ಜನ. 'ಫೋಕಲ್ ಲೆಂತ್ ಮಿಲಿಮೀಟರ್‌ನಲ್ಲಿದೆ, ಹಾಗಾಗಿ ಮಾಡೆಲ್ ಕೂಡ ಮಿಲಿಮೀಟರ್‌ನಲ್ಲಿ ಬರುತ್ತದೆ' ಎಂಬ ಲೆಕ್ಕ ಕೇಳಲು ಸರಿಯೆನಿಸುತ್ತದೆ, ಆದರೆ ಆ ಮಿಲಿಮೀಟರ್ ಕ್ಯಾಮೆರಾದ ಒಳಗಡೆಯದ್ದು. ಹೊರಗಿನ ಪ್ರಪಂಚದಲ್ಲಿ ಗೊತ್ತಿರುವ ಉದ್ದ ಒಂದಾದರೂ ಬೇಕು. ಅದು ಎರಡು ಕ್ಯಾಮೆರಾಗಳ ನಡುವೆ ಅಳೆದಿಟ್ಟ ಅಂತರ ಆಗಬಹುದು, ವಸ್ತುವಿನ ಪಕ್ಕ ಇಟ್ಟ ಪಟ್ಟಿ ಆಗಬಹುದು.

ಫೋನ್‌ನ ಜಿಪಿಎಸ್ ಇದೆಯಲ್ಲ?

ಕಟ್ಟಡ, ಗುಡ್ಡ, ಹೊಲದಂಥ ದೊಡ್ಡವುಗಳಿಗೆ ಒರಟು ಸ್ಕೇಲ್ ಸಿಗುತ್ತದೆ. ಸಾಮಾನ್ಯ ಫೋನ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೇಳುತ್ತದೆ. ಮಡಕೆಯ ಸುತ್ತ ನೀವು ಓಡಾಡುವುದೇ ಒಂದೂವರೆ ಮೀಟರ್ ಅಗಲದ ವೃತ್ತದಲ್ಲಿ. ಅಲ್ಲಿ ಅದು ಪ್ರಯೋಜನಕ್ಕಿಲ್ಲ, ಬದಲಿಗೆ ತೊಂದರೆ. ಸಾಫ್ಟ್‌ವೇರ್ ಆ ಜಿಪಿಎಸ್ ಅಂಕಿಗಳನ್ನು ನಂಬಿ ಸ್ಕೇಲ್ ಹಾಕಿಬಿಟ್ಟರೆ ನಿಮ್ಮ ಮಡಕೆ ಎಂಟು ಮೀಟರ್ ಎತ್ತರ ಆಗಿರುತ್ತದೆ. ಚಿಕ್ಕ ವಸ್ತುಗಳಿಗೆ ಜಿಪಿಎಸ್ ಆಫ್ ಮಾಡಿಯೇ ಫೋಟೊ ತೆಗೆಯಿರಿ, ಇಲ್ಲವೇ ಸಾಫ್ಟ್‌ವೇರ್‌ನಲ್ಲಿ ಆ ಕ್ಯಾಮೆರಾ ಸ್ಥಾನಗಳ ಟಿಕ್ ತೆಗೆಯಿರಿ.

ಸ್ಕೇಲ್ ಬಾರ್ ಅಂದರೆ ನಿಜವಾಗಿ ಏನು? ಸ್ಟೀಲ್ ಸ್ಕೇಲ್ ಇಟ್ಟರೆ ಸಾಲದೇ?

ಬಾಗದ ಒಂದು ಪಟ್ಟಿ, ಅದರ ಎರಡು ತುದಿಯಲ್ಲಿ ಕ್ಯಾಮೆರಾಗೆ ಸ್ಪಷ್ಟವಾಗಿ ಕಾಣುವ ಎರಡು ಗುರುತು, ಆ ಎರಡು ಗುರುತುಗಳ ನಡುವಿನ ಅಂತರ ನಿಮಗೆ ಗೊತ್ತಿರುವುದು. ಇಷ್ಟಿದ್ದರೆ ಅದು ಸ್ಕೇಲ್ ಬಾರ್. ಸ್ಟೀಲ್ ಸ್ಕೇಲ್ ಕೂಡ ನಡೆಯುತ್ತದೆ. ಆದರೆ ಅದರಲ್ಲಿ ಎರಡು ತೊಂದರೆ ಇದೆ. ಒಂದು, ಅದು ಹೊಳೆಯುತ್ತದೆ, ಕೆಲವು ಫೋಟೊಗಳಲ್ಲಿ ಗೆರೆಗಳೇ ಮಾಯವಾಗುತ್ತವೆ. ಎರಡು, ಗೆರೆಯ ತುದಿಯನ್ನು ನೀವೇ ಕೈಯಿಂದ ಕ್ಲಿಕ್ ಮಾಡಿ ಗುರುತಿಸಬೇಕು, ಓರೆಯಾಗಿ ತೆಗೆದ ಫೋಟೊದಲ್ಲಿ ನೂರರ ಗೆರೆ ಯಾವುದು, ನೂರಾ ಒಂದರ ಗೆರೆ ಯಾವುದು ಎಂದು ಹುಡುಕುತ್ತಾ ಕೂರಬೇಕು.

ಅದಕ್ಕೇ ಕೋಡೆಡ್ ಟಾರ್ಗೆಟ್ ಬಳಸುತ್ತಾರೆ. ನಡುವೆ ಒಂದು ದುಂಡನೆಯ ಚುಕ್ಕೆ, ಅದರ ಸುತ್ತ ತುಂಡು ತುಂಡಾದ ಉಂಗುರ. ಆ ತುಂಡುಗಳ ಜೋಡಣೆಯೇ ಟಾರ್ಗೆಟ್‌ನ ನಂಬರ್. ಸಾಫ್ಟ್‌ವೇರ್ ತಾನೇ ಅದನ್ನು ಹುಡುಕಿ, ನಂಬರ್ ಓದಿ, ಚುಕ್ಕೆಯ ನಡುಬಿಂದುವನ್ನು ಒಂದು ಪಿಕ್ಸೆಲ್‌ನ ಸಣ್ಣ ಭಾಗದಷ್ಟು ನಿಖರವಾಗಿ ಹಿಡಿಯುತ್ತದೆ. ಕೈಯಿಂದ ಕ್ಲಿಕ್ ಮಾಡಿದರೆ ಅರ್ಧ ಪಿಕ್ಸೆಲ್ ಆಚೀಚೆ ಆಗುವುದು ಮಾಮೂಲು.

ನನ್ನ ಬಾರ್‌ಗಳು ಅಲ್ಯೂಮಿನಿಯಂ ಪಟ್ಟಿಗಳು, ಎರಡೂ ತುದಿಗೆ ಪ್ರಿಂಟ್ ಮಾಡಿದ ಟಾರ್ಗೆಟ್ ಅಂಟಿಸಿದ್ದು. ಮೂರು ಇವೆ. ಎರಡು ಸುಮಾರು 250 ಮಿ.ಮೀ., ಒಂದು ಸುಮಾರು 150 ಮಿ.ಮೀ. ಈ 'ಸುಮಾರು' ಎಂಬ ಪದದ ಬಗ್ಗೆ ಮುಂದೆ ಹೇಳುತ್ತೇನೆ, ನನ್ನ ಮುಚ್ಚಳ ಕೆಟ್ಟಿದ್ದು ಅಲ್ಲೇ.

ಬಾರ್ ಎಷ್ಟು ಉದ್ದ ಇರಬೇಕು? ಪಕ್ಕದಲ್ಲಿ ಒಂದು ನಾಣ್ಯ ಇಟ್ಟರೆ ಆಗುತ್ತದಾ?

ನಾಣ್ಯದಿಂದ ಗಾತ್ರದ ಅಂದಾಜು ಸಿಗುತ್ತದೆ, ಅಳತೆ ಸಿಗುವುದಿಲ್ಲ. ಲೆಕ್ಕ ಮಾಡಿ ನೋಡೋಣ. 25 ಮಿ.ಮೀ. ಅಗಲದ ನಾಣ್ಯ. ಅದರ ಅಂಚು ದುಂಡಗಿರುತ್ತದೆ, ಹಾಗಾಗಿ ಅಂಚು ಎಲ್ಲಿದೆ ಎಂದು ಗುರುತಿಸುವಾಗ ಒಟ್ಟು 0.2 ಮಿ.ಮೀ. ತಪ್ಪಾಯಿತು ಎನ್ನೋಣ. 25ರಲ್ಲಿ 0.2 ಅಂದರೆ ಶೇಕಡಾ 0.8. ಈ ಶೇಕಡಾ 0.8 ಇಡೀ ಮಾಡೆಲ್‌ಗೆ ಅಂಟಿಕೊಳ್ಳುತ್ತದೆ. 310 ಮಿ.ಮೀ. ಎತ್ತರದ ಮಡಕೆಯಲ್ಲಿ ಅದು ಸುಮಾರು ಎರಡೂವರೆ ಮಿಲಿಮೀಟರ್.

ಅದೇ 0.2 ಮಿ.ಮೀ. ತಪ್ಪು 250 ಮಿ.ಮೀ. ಬಾರ್‌ನಲ್ಲಾದರೆ ಶೇಕಡಾ 0.08. ಮಡಕೆಯ ಎತ್ತರದಲ್ಲಿ ಕಾಲು ಮಿಲಿಮೀಟರ್. ತಪ್ಪು ಅಷ್ಟೇ ಇದ್ದರೂ ಬಾರ್ ಉದ್ದವಾದಷ್ಟೂ ಅದರ ಪರಿಣಾಮ ಕಡಿಮೆ. ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು: ಬಾರ್ ವಸ್ತುವಿನಷ್ಟೇ ಉದ್ದ ಇದ್ದರೆ ಒಳ್ಳೆಯದು, ಕಡೇ ಪಕ್ಷ ಅರ್ಧದಷ್ಟಾದರೂ ಇರಲಿ.

ಘನ ಅಳತೆ ಬೇಕಾದವರು ಇನ್ನೂ ಹುಷಾರಾಗಿರಬೇಕು. ಉದ್ದಕ್ಕೆ ಗುಣಕವನ್ನು ಒಂದು ಸಲ ಗುಣಿಸುತ್ತೇವೆ, ಮೇಲ್ಮೈಗೆ ಎರಡು ಸಲ, ಘನ ಅಳತೆಗೆ ಮೂರು ಸಲ. ಸ್ಕೇಲ್‌ನಲ್ಲಿ ಶೇಕಡಾ 1 ತಪ್ಪಿದ್ದರೆ ಮಡಕೆಯಲ್ಲಿ ಹಿಡಿಯುವ ನೀರಿನ ಲೆಕ್ಕದಲ್ಲಿ ಸುಮಾರು ಶೇಕಡಾ 3 ತಪ್ಪಿರುತ್ತದೆ.

ಬಾರ್‌ನ ಉದ್ದ ಫೈಲ್‌ನಲ್ಲೇ ಬರೆದಿದೆ, ಪ್ರಿಂಟ್ ಮಾಡಿದರೆ ಮುಗಿಯಿತಲ್ಲ?

ಇಲ್ಲೇ ನನ್ನ ಮುಚ್ಚಳ ಹಾಳಾದದ್ದು. ಫೈಲ್‌ನಲ್ಲಿ ಎರಡು ಚುಕ್ಕೆಗಳ ನಡುವೆ ಸರಿಯಾಗಿ 250 ಮಿ.ಮೀ. ಇತ್ತು. ಪ್ರಿಂಟ್ ಮಾಡುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ಆನ್ ಆಗಿತ್ತು, ಅಂಚಿಗೆ ಜಾಗ ಬಿಡಲು ಪ್ರಿಂಟರ್ ಎಲ್ಲವನ್ನೂ 97 ಶೇಕಡಾಕ್ಕೆ ಕುಗ್ಗಿಸಿತ್ತು. ಅಂದರೆ ಕಾಗದದ ಮೇಲೆ ಇದ್ದದ್ದು 242.5 ಮಿ.ಮೀ. ನಾನು ಸಾಫ್ಟ್‌ವೇರ್‌ಗೆ 250 ಎಂದು ಹೇಳಿದೆ. ಅದು ಪಾಪ ನಂಬಿತು. 120.4 ಮಿ.ಮೀ. ಇದ್ದ ಮಡಕೆಯ ಬಾಯಿ ಮಾಡೆಲ್‌ನಲ್ಲಿ 124.1 ಆಯಿತು.

ಇದರಲ್ಲಿ ನನಗೆ ಜಾಸ್ತಿ ಕಾಡಿದ್ದು ಬೇರೆ ವಿಷಯ. ಆಗಲೂ ನಾನು ಮೂರು ಬಾರ್ ಇಟ್ಟಿದ್ದೆ, ಮೂರೂ ಒಂದಕ್ಕೊಂದು ಚೆನ್ನಾಗಿ ಹೊಂದುತ್ತಿದ್ದವು. ಹೊಂದದೇ ಏನು ಮಾಡುತ್ತವೆ? ಮೂರೂ ಒಂದೇ ಹಾಳೆಯಲ್ಲಿ ಪ್ರಿಂಟ್ ಆಗಿದ್ದವು, ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದವು. ಮೂರು ಜನ ಸಾಕ್ಷಿ ಹೇಳಿದರೂ ಮೂವರೂ ಒಬ್ಬನ ಬಾಯಿಂದಲೇ ಕೇಳಿಸಿಕೊಂಡು ಬಂದವರು ಅಂದ ಹಾಗೆ. ಬಾರ್‌ಗಳು ಒಂದಕ್ಕೊಂದು ಹೊಂದಿದರೆ ಮಾಡೆಲ್‌ನ ಆಕಾರ ಸರಿ ಇದೆ, ಗುರುತುಗಳು ಸರಿ ಬಿದ್ದಿವೆ ಎಂದು ಗೊತ್ತಾಗುತ್ತದೆ. ಅವುಗಳ ಮೇಲೆ ಬರೆದ ಉದ್ದ ನಿಜವೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಸಾಧನದ ಅಳತೆ ಬೇಕು.

ಹಾಗಾಗಿ ಪ್ರಿಂಟ್ ಮಾಡಿ, ಅಂಟಿಸಿ, ಅಂಟು ಒಣಗಿದ ಮೇಲೆ ಪ್ರತಿ ಬಾರ್ ಅನ್ನೂ ಅಳೆಯಿರಿ. ಅಳೆದು ಬಂದದ್ದೇ ಅದರ ಉದ್ದ. ಫೈಲ್‌ನಲ್ಲಿ ಏನಿತ್ತು ಎಂಬುದನ್ನು ಮರೆತುಬಿಡಿ.

ಎರಡು ಚುಕ್ಕೆಗಳ ನಡುಬಿಂದುವಿನ ಅಂತರ ಅಳೆಯುವುದು ಹೇಗೆ? ನಡುಬಿಂದು ಕಣ್ಣಿಗೆ ಕಾಣುವುದೇ ಇಲ್ಲ.

ಒಂದು ಸುಲಭದ ಉಪಾಯ ಇದೆ. ಡಿಜಿಟಲ್ ಕ್ಯಾಲಿಪರ್‌ನಿಂದ ಎರಡು ಸಲ ಅಳೆಯಿರಿ. ಮೊದಲು ಎಡ ಚುಕ್ಕೆಯ ಹೊರ ಅಂಚಿನಿಂದ ಬಲ ಚುಕ್ಕೆಯ ಹೊರ ಅಂಚಿಗೆ. ಆಮೇಲೆ ಎಡ ಚುಕ್ಕೆಯ ಒಳ ಅಂಚಿನಿಂದ ಬಲ ಚುಕ್ಕೆಯ ಒಳ ಅಂಚಿಗೆ. ಎರಡನ್ನೂ ಕೂಡಿ ಅರ್ಧ ಮಾಡಿ. ಹೊರ ಅಳತೆಯಲ್ಲಿ ಎರಡು ಚುಕ್ಕೆಗಳ ತ್ರಿಜ್ಯ ಸೇರಿರುತ್ತದೆ, ಒಳ ಅಳತೆಯಲ್ಲಿ ಅಷ್ಟೇ ಕಳೆದಿರುತ್ತದೆ, ಕೂಡಿದಾಗ ತ್ರಿಜ್ಯಗಳು ಹೊಡೆದುಹೋಗುತ್ತವೆ. ಶಾಯಿ ಸ್ವಲ್ಪ ಹರಡಿ ಚುಕ್ಕೆ ದಪ್ಪವಾಗಿದ್ದರೂ ಲೆಕ್ಕ ಕೆಡುವುದಿಲ್ಲ.

ಈ ಸಲ ಕುಗ್ಗಿಸದೆ ಹೊಸದಾಗಿ ಪ್ರಿಂಟ್ ಮಾಡಿ ಅಂಟಿಸಿದ ಬಾರ್‌ಗಳಲ್ಲಿ ಮೊದಲನೆಯದರ ಹೊರ ಅಳತೆ 260.0, ಒಳ ಅಳತೆ 239.6. ಕೂಡಿ ಅರ್ಧ ಮಾಡಿದರೆ 249.8 ಮಿ.ಮೀ. ಹೀಗೇ ಐದು ಸಲ ಮಾಡಿದೆ, ಪ್ರತಿ ಸಲ ಕ್ಯಾಲಿಪರ್ ತೆಗೆದು ಹೊಸದಾಗಿ ಇಟ್ಟು. ಹೊಸದಾಗಿ ಇಡದೇ ಹೋದರೆ ಮೊದಲ ಅಂಕಿಯನ್ನೇ ಐದು ಸಲ ಓದಿದಂತೆ. ಸರಾಸರಿ ಅಲ್ಲೇ ನಿಂತಿತು, ಆಚೀಚೆ 0.1. ಕ್ಯಾಲಿಪರ್ ಪರದೆ ಎರಡನೇ ದಶಮಾಂಶವನ್ನೂ ತೋರಿಸುತ್ತದೆ, ಆದರೆ ಪ್ರಿಂಟ್ ಮಾಡಿದ ಅಂಚಿಗೆ ಮೊನೆಯನ್ನು ಕಣ್ಣಳತೆಯಲ್ಲಿ ಹೊಂದಿಸುವಾಗ ಅಷ್ಟು ನಿಖರತೆ ಬರುವುದಿಲ್ಲ. 0.1 ಎಂದೇ ಒಪ್ಪಿಕೊಂಡೆ.

ಮೂರು ಬಾರ್‌ಗಳಿಗೂ ಹೆಸರಿಟ್ಟು ಬೆನ್ನ ಹಿಂದೆ ಉದ್ದ ಬರೆದಿಟ್ಟೆ: ಎ 249.8, ಬಿ 250.3, ಸಿ 150.1.

ಬಿಸಿಲಿಗೆ ಬಾರ್ ಹಿಗ್ಗುವುದಿಲ್ಲವೇ?

ಹಿಗ್ಗುತ್ತದೆ. ಅಲ್ಯೂಮಿನಿಯಂ ಒಂದು ಮೀಟರ್‌ಗೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ, ಸ್ಟೀಲ್ ಅದರ ಅರ್ಧದಷ್ಟು. 250 ಮಿ.ಮೀ. ಬಾರ್ 10 ಡಿಗ್ರಿ ಬಿಸಿಯಾದರೆ 0.06 ಮಿ.ಮೀ. ಮಡಕೆಗೆ ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಹಲವು ಮೀಟರ್ ಉದ್ದದ ಯಂತ್ರದ ಭಾಗಗಳನ್ನು ಅಳೆಯುವವರು ಕಾರ್ಬನ್ ಫೈಬರ್ ಬಾರ್ ಬಳಸುವುದು ಇದಕ್ಕೇ, ಅದು ಹಿಗ್ಗುವುದು ತೀರಾ ಕಡಿಮೆ. ಬರೀ ಕಾಗದ ಅಥವಾ ರಟ್ಟಿನ ಮೇಲಿನ ಬಾರ್ ಮಾತ್ರ ಬೇಡ. ಅದು ತೇವಕ್ಕೆ ಹಿಗ್ಗುತ್ತದೆ, ಜೊತೆಗೆ ಬಾಗುತ್ತದೆ. ಬಾಗಿದ ಬಾರ್‌ನ ಎರಡು ತುದಿಗಳ ನೇರ ಅಂತರ ನೀವು ಅಳೆದದ್ದಕ್ಕಿಂತ ಕಡಿಮೆ ಆಗಿರುತ್ತದೆ.

ಬಾರ್‌ಗಳನ್ನು ಎಲ್ಲಿ ಇಡಬೇಕು, ಎಷ್ಟು ಇಡಬೇಕು?

ಒಂದೇ ಬಾರ್ ಇಟ್ಟರೆ ಸ್ಕೇಲ್ ಸಿಗುತ್ತದೆ, ಆದರೆ ಅದು ಸರಿಯೋ ತಪ್ಪೋ ಎಂದು ಹೇಳುವವರು ಯಾರೂ ಇರುವುದಿಲ್ಲ. ಎರಡಿದ್ದರೆ ಜಗಳ ಗೊತ್ತಾಗುತ್ತದೆ, ಯಾರು ತಪ್ಪು ಎಂದು ಗೊತ್ತಾಗುವುದಿಲ್ಲ. ಮೂರು ಇರಲಿ.

ಮಡಕೆಯ ಎಡಕ್ಕೆ ಮೇಜಿನ ಮೇಲೆ ಎ ಮಲಗಿಸಿದೆ. ಬಲಕ್ಕೆ ಬಿ, ಎ ಇರುವ ದಿಕ್ಕಿಗೆ ಅಡ್ಡಲಾಗಿ. ಸಿ ಅನ್ನು ಮಡಕೆಯ ಪಕ್ಕ ಒಂದು ಭಾರದ ಕಟ್ಟಿಗೆಗೆ ಒರಗಿಸಿ ನೇರ ನಿಲ್ಲಿಸಿದೆ. ಮೂರು ಬಾರ್ ಮೂರು ದಿಕ್ಕಿಗೆ ಇರುವುದರಿಂದ, ಮಾಡೆಲ್ ಎಲ್ಲಾದರೂ ಒಂದು ಕಡೆ ಎಳೆದುಕೊಂಡಿದ್ದರೆ ಬಾರ್‌ಗಳು ಬೇರೆ ಬೇರೆ ಗುಣಕ ಕೊಡುತ್ತವೆ. ಮೂರನ್ನೂ ಮೇಜಿನ ಒಂದೇ ಮೂಲೆಯಲ್ಲಿ ಸಾಲಾಗಿ ಇಟ್ಟರೆ ಆ ಮೂಲೆಯ ಸ್ಕೇಲ್ ಮಾತ್ರ ಸರಿ ಇದೆ ಎಂದು ಗೊತ್ತಾಗುತ್ತದೆ.

ಫೋಟೊ ತೆಗೆಯುವಾಗ ಬಾರ್ ಒಂದು ಕೂದಲೆಳೆಯಷ್ಟೂ ಅಲುಗಬಾರದು. ಮಡಕೆಯನ್ನು ತಿರುಗುವ ಹಲಗೆಯ ಮೇಲಿಟ್ಟು, ಕ್ಯಾಮೆರಾ ಒಂದೇ ಕಡೆ ನಿಲ್ಲಿಸುವವರು ಬಾರ್‌ಗಳನ್ನೂ ಆ ಹಲಗೆಯ ಮೇಲೇ ಇಡಬೇಕು. ಬಾರ್ ಹೊರಗೆ ಮೇಜಿನ ಮೇಲಿದ್ದರೆ ಮಡಕೆ ತಿರುಗುತ್ತದೆ, ಬಾರ್ ನಿಂತಿರುತ್ತದೆ. ಆಗ ಸಾಫ್ಟ್‌ವೇರ್ ಗೊಂದಲಕ್ಕೆ ಬೀಳುತ್ತದೆ.

ಫೋಟೊ ತೆಗೆಯುವಾಗ ಸ್ಕೇಲ್‌ಗೋಸ್ಕರ ಏನಾದರೂ ಬೇರೆ ಮಾಡಬೇಕಾ?

ಝೂಮ್ ಮುಟ್ಟಬೇಡಿ, ಫೋಕಸ್ ಒಂದು ಸಲ ಹೊಂದಿಸಿ ಲಾಕ್ ಮಾಡಿ. ಲೆನ್ಸ್ ಪ್ರತಿ ಫೋಟೊಗೂ ಬದಲಾಗುತ್ತಿದ್ದರೆ ಆಕಾರವೇ ಸ್ವಲ್ಪ ಸ್ವಲ್ಪ ಬಾಗುತ್ತದೆ. ನಾನು ಮೂರು ಎತ್ತರದಲ್ಲಿ ಸುತ್ತು ಹೊಡೆದೆ. ಪ್ರತಿ ಸುತ್ತಿನಲ್ಲಿ 15 ಡಿಗ್ರಿಗೆ ಒಂದರಂತೆ 24 ಫೋಟೊ, ಒಟ್ಟು 72. ಮಡಕೆಯಿಂದ ಸುಮಾರು 70 ಸೆಂ.ಮೀ. ದೂರ.

ಆ ದೂರದಲ್ಲಿ ಒಂದು ಪಿಕ್ಸೆಲ್ ಎಷ್ಟು ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ನನ್ನ ಕ್ಯಾಮೆರಾ ಸೆನ್ಸರ್ 23.5 ಮಿ.ಮೀ. ಅಗಲ, ಅದರಲ್ಲಿ 6000 ಪಿಕ್ಸೆಲ್. ಒಂದು ಪಿಕ್ಸೆಲ್ ಅಂದರೆ 0.0039 ಮಿ.ಮೀ. ಅದನ್ನು ದೂರದಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಬೇಕು.

```
0.0039 × 700 / 35 = 0.078
```

ಮಡಕೆಯ ಮೇಲೆ ಒಂದು ಪಿಕ್ಸೆಲ್ ಸುಮಾರು 0.08 ಮಿ.ಮೀ. ಬಾರ್ ಅಳತೆಯಲ್ಲಿ ನನ್ನ ಅನುಮಾನ 0.1 ಮಿ.ಮೀ. ಇತ್ತಲ್ಲ, ಅದಕ್ಕೆ ಇದು ಸಾಕು. ಫೋಟೊ ಇನ್ನೂ ಹತ್ತಿರದಿಂದ ತೆಗೆದು ಪಿಕ್ಸೆಲ್ ಚಿಕ್ಕದು ಮಾಡಿದರೂ, ಬಾರ್‌ನ ಉದ್ದವೇ ಅಷ್ಟು ಚೆನ್ನಾಗಿ ಗೊತ್ತಿಲ್ಲದ ಮೇಲೆ ಸ್ಕೇಲ್ ಏನೂ ಸುಧಾರಿಸುವುದಿಲ್ಲ.

ಪ್ರತಿ ಟಾರ್ಗೆಟ್ ಎರಡು ಫೋಟೊದಲ್ಲಿ ಕಂಡರೆ ಲೆಕ್ಕ ಆಗುತ್ತದೆ. ಎರಡೇ ಇದ್ದರೆ ತಪ್ಪು ಹಿಡಿಯಲು ಆಗುವುದಿಲ್ಲ. ಹತ್ತು ಹದಿನೈದು ಫೋಟೊಗಳಲ್ಲಿ, ಬೇರೆ ಬೇರೆ ದಿಕ್ಕಿನಿಂದ ಕಾಣಲಿ. ಎಲ್ಲವೂ ಒಂದೇ ಕಡೆಯಿಂದ ತೆಗೆದ ಫೋಟೊಗಳಾದರೆ ಟಾರ್ಗೆಟ್ ಎಷ್ಟು ಆಳದಲ್ಲಿದೆ ಎಂಬುದು ಅಲ್ಲಾಡುತ್ತಿರುತ್ತದೆ.

ಸರಿ, ಈಗ ಲೆಕ್ಕ ಮಾಡಿ ತೋರಿಸಿ.

ಸಾಫ್ಟ್‌ವೇರ್ ಫೋಟೊಗಳನ್ನೆಲ್ಲ ಜೋಡಿಸಿದ ಮೇಲೆ, ಅದರ ತೋಚಿದ ಅಳತೆಯಲ್ಲಿ ಟಾರ್ಗೆಟ್‌ಗಳ ನಡುವಿನ ಅಂತರ ಹೀಗೆ ಬಂತು: ಎ 3.4100, ಬಿ 3.4180, ಸಿ 2.0489. ನಾನು ಎ ಮತ್ತು ಸಿ ಯಿಂದ ಸ್ಕೇಲ್ ಹಾಕುವುದು, ಬಿ ಯನ್ನು ಪರೀಕ್ಷೆಗೆ ಬಿಡುವುದು ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಮೊದಲೇ ಅನ್ನುವುದು ಮುಖ್ಯ. ಉತ್ತರ ನೋಡಿ ಆಮೇಲೆ ಆರಿಸಿದರೆ ಯಾವಾಗಲೂ ಚೆನ್ನಾಗಿ ಹೊಂದುವ ಎರಡನ್ನೇ ಆರಿಸುತ್ತೇವೆ, ಮನುಷ್ಯ ಸ್ವಭಾವ.

```
s = (249.8 + 150.1) / (3.4100 + 2.0489) = 73.2565
```

ಒಂದೊಂದನ್ನೇ ಭಾಗಿಸಿ ಸರಾಸರಿ ಮಾಡುವ ಬದಲು ಹೀಗೆ ಕೂಡಿ ಭಾಗಿಸಿದರೆ ಉದ್ದದ ಬಾರ್‌ಗೆ ತಾನಾಗಿ ಜಾಸ್ತಿ ತೂಕ ಸಿಗುತ್ತದೆ. ಈಗ ಬಿ ಏನು ಹೇಳುತ್ತದೆ ನೋಡೋಣ.

```
3.4180 × 73.2565 = 250.39
```

ಕ್ಯಾಲಿಪರ್ ಹೇಳಿದ್ದು 250.3. ವ್ಯತ್ಯಾಸ 0.09 ಮಿ.ಮೀ. ಅನುಮಾನದ 0.1ರ ಒಳಗೇ ಇದೆ, ಬಿಟ್ಟುಬಿಡಬಹುದಿತ್ತು. ಆದರೂ ಎ ಮತ್ತು ಸಿ ಒಂದಕ್ಕೊಂದು ಇದಕ್ಕಿಂತ ಚೆನ್ನಾಗಿ ಹೊಂದುತ್ತಿದ್ದವು, ಹಾಗಾಗಿ ಬಿ ಯ ಟಾರ್ಗೆಟ್‌ಗಳನ್ನು ಒಂದೊಂದೇ ಫೋಟೊದಲ್ಲಿ ತೆರೆದು ನೋಡಿದೆ. ಹದಿನಾಲ್ಕು ಫೋಟೊಗಳಲ್ಲಿ ಹನ್ನೆರಡರಲ್ಲಿ ಗುರುತು ಚುಕ್ಕೆಯ ನಡುವೆಯೇ ಕೂತಿತ್ತು. ಎರಡರಲ್ಲಿ ಮಾತ್ರ ಒಂದು ಪಿಕ್ಸೆಲ್‌ಗಿಂತ ಜಾಸ್ತಿ ಪಕ್ಕಕ್ಕೆ ಸರಿದಿತ್ತು. ದೊಡ್ಡದು ಮಾಡಿ ನೋಡಿದರೆ ಮಡಕೆಯ ನೆರಳಿನ ಅಂಚು ಸರಿಯಾಗಿ ಆ ಕಪ್ಪು ಚುಕ್ಕೆಯ ಮೇಲೇ ಬಿದ್ದಿತ್ತು. ಚುಕ್ಕೆಯ ಒಂದು ಬದಿ ನೆರಳಿನಲ್ಲಿ ಕರಗಿಹೋಗಿ, ಸಾಫ್ಟ್‌ವೇರ್ ನಡುಬಿಂದುವನ್ನು ಆ ಕಡೆಗೆ ಎಳೆದಿತ್ತು. ಆ ಎರಡು ಗುರುತು ಅಳಿಸಿದೆ. ಬಿ ಯ ಅಂತರ 3.4171 ಆಯಿತು, ಅಂದರೆ 250.32. ವ್ಯತ್ಯಾಸ 0.02.

ಇನ್ನು ಮಡಕೆ. ಎತ್ತರ 4.2310 ಅನ್ನು 73.2565ರಿಂದ ಗುಣಿಸಿದರೆ 309.9 ಮಿ.ಮೀ. ಬಾಯಿಯ ಅಗಲ 1.6440, ಅಂದರೆ 120.4 ಮಿ.ಮೀ. ಬಾಯಿಯನ್ನು ಕ್ಯಾಲಿಪರ್‌ನಿಂದ ನೇರವಾಗಿ ಅಳೆದಿದ್ದೆ, ಅಲ್ಲೂ 120.4. ಒಂದು ಮಾತು ಹೇಳಲೇಬೇಕು. ಬಾರ್ ಅಳೆದದ್ದೂ ಇದೇ ಕ್ಯಾಲಿಪರ್. ಕ್ಯಾಲಿಪರ್ ಸುಳ್ಳು ಹೇಳುತ್ತಿದ್ದರೆ ಎರಡೂ ಕಡೆ ಒಂದೇ ಸುಳ್ಳು. ಅದಕ್ಕೇ ಆಮೇಲೆ ಬೇರೊಬ್ಬರ ಸ್ಟೀಲ್ ಸ್ಕೇಲ್‌ಗೆ ಎ ಬಾರ್ ಹಿಡಿದು, ಅರ್ಧ ಮಿಲಿಮೀಟರ್ ಮಟ್ಟದಲ್ಲಾದರೂ ಸರಿ ಇದೆ ಎಂದು ನೋಡಿಕೊಂಡೆ. ಪ್ರಿಂಟರ್ ಮಾಡುವಂಥ ದೊಡ್ಡ ತಪ್ಪು ಅಷ್ಟರಲ್ಲೇ ಸಿಕ್ಕಿಬೀಳುತ್ತದೆ.

ಇದನ್ನೆಲ್ಲ ಸಾಫ್ಟ್‌ವೇರ್‌ನಲ್ಲಿ ಎಲ್ಲಿ ಹಾಕಬೇಕು?

Metashape ಆದರೆ Professional ಆವೃತ್ತಿ ಬೇಕು, Standard ಆವೃತ್ತಿಯಲ್ಲಿ ಸ್ಕೇಲ್ ಬಾರ್ ಇಲ್ಲ. ಫೋಟೊ ಜೋಡಿಸಿದ ಮೇಲೆ Detect Markers ಕೊಡಿ, ಎರಡು ಮಾರ್ಕರ್ ಆರಿಸಿ Create Scale Bar ಕೊಡಿ, Reference ಪಟ್ಟಿಯಲ್ಲಿ ಉದ್ದ ತುಂಬಿ, ಕೊನೆಗೆ Update ಒತ್ತಿ. ಅಲ್ಲಿ ಉದ್ದ ಮೀಟರ್‌ನಲ್ಲಿ. 249.8 ಅಲ್ಲ, 0.2498. ಪರೀಕ್ಷೆಗೆ ಬಿಟ್ಟ ಬಾರ್‌ನ ಮುಂದಿನ ಟಿಕ್ ತೆಗೆಯಿರಿ, ಆಗ ಅದು ಸ್ಕೇಲ್ ಲೆಕ್ಕಕ್ಕೆ ಸೇರುವುದಿಲ್ಲ, ಎಷ್ಟು ತಪ್ಪು ಎಂದು ಮಾತ್ರ ತೋರಿಸುತ್ತದೆ. ಟಿಕ್ ಇಟ್ಟುಕೊಂಡು 'ತಪ್ಪು ತುಂಬಾ ಕಡಿಮೆ' ಎಂದು ಖುಷಿಪಡುವವರನ್ನು ತುಂಬಾ ನೋಡಿದ್ದೇನೆ. ಒಂದೇ ಬಾರ್‌ಗೆ ಟಿಕ್ ಇದ್ದರೆ ತಪ್ಪು ಸೊನ್ನೆಯೇ ಬರುತ್ತದೆ, ಬರದೆ ಇನ್ನೇನು?

ಉಚಿತವಾಗಿ ಸಿಗುವ Meshroom ಅಥವಾ COLMAP ಬಳಸುವವರು ಮಾಡೆಲ್ ಅನ್ನು CloudCompare ಎಂಬ ಸಾಫ್ಟ್‌ವೇರ್‌ಗೆ ತಂದು, ಎರಡು ಟಾರ್ಗೆಟ್‌ಗಳ ನಡುವೆ Point picking ನಿಂದ ಅಂತರ ಅಳೆದು, ಗುಣಕ ಲೆಕ್ಕ ಹಾಕಿ, Edit > Multiply/Scale ನಲ್ಲಿ ಮೂರೂ ದಿಕ್ಕಿಗೆ ಅದೇ ಸಂಖ್ಯೆ ಕೊಡಬಹುದು. ಈ ದಾರಿಯಲ್ಲಿ ನಿಖರತೆ ಸ್ವಲ್ಪ ಕಡಿಮೆ. ನೀವು ಕ್ಲಿಕ್ ಮಾಡುವುದು ಪಾಯಿಂಟ್ ಕ್ಲೌಡ್‌ನಲ್ಲಿ, ಅಂದರೆ ಮಾಡೆಲ್‌ನ ಚುಕ್ಕೆಗಳ ರಾಶಿಯಲ್ಲಿ, ಸಿಕ್ಕ ಯಾವುದೋ ಹತ್ತಿರದ ಚುಕ್ಕೆಯ ಮೇಲೆ, ಟಾರ್ಗೆಟ್‌ನ ನಿಜವಾದ ನಡುಬಿಂದುವಿನ ಮೇಲೆ ಅಲ್ಲ. ಪ್ರತಿ ಬಾರ್ ಅನ್ನೂ ನಾಲ್ಕೈದು ಸಲ ಕ್ಲಿಕ್ ಮಾಡಿ ಸರಾಸರಿ ತೆಗೆದುಕೊಳ್ಳಿ.

ಬಾರ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ. ಏನಾಗಿರಬಹುದು?

ಯಾವುದು ಹೊಂದುತ್ತಿಲ್ಲ, ಹೇಗೆ ಹೊಂದುತ್ತಿಲ್ಲ ಎಂಬುದರಲ್ಲೇ ಉತ್ತರ ಇರುತ್ತದೆ. ಒಂದೇ ಬಾರ್ ಬೇರೆ ಹೇಳುತ್ತಿದ್ದರೆ ಮೊದಲು ಅದರ ಗುರುತುಗಳನ್ನು ನೋಡಿ, ನನ್ನ ನೆರಳಿನ ಕಥೆ ಥರ. ಗುರುತುಗಳು ಸರಿ ಇದ್ದರೆ ಆ ಬಾರ್‌ನ ಉದ್ದ ಬರೆಯುವಾಗ ಅಂಕಿ ಅದಲು ಬದಲಾಗಿದೆಯೇ ನೋಡಿ. ಆ ಬಾರ್‌ನ ಗುರುತುಗಳು ಸುತ್ತಿನ ಮೊದಲ ಫೋಟೊಗಳಲ್ಲಿ ಒಂದು ಕಡೆಗೆ, ಕೊನೆಯ ಫೋಟೊಗಳಲ್ಲಿ ಇನ್ನೊಂದು ಕಡೆಗೆ ಸರಿದಿದ್ದರೆ ನಡುವೆ ಯಾರೋ ಬಾರ್‌ಗೆ ಕೈ ತಾಗಿಸಿದ್ದಾರೆ. ಅದನ್ನು ರಿಪೇರಿ ಮಾಡಲು ಹೋಗಬೇಡಿ, ಆ ಬಾರ್ ಬಿಟ್ಟುಬಿಡಿ.

ಮೂರೂ ಬೇರೆ ಬೇರೆ ಹೇಳುತ್ತಿದ್ದರೆ ಅನುಮಾನ ಮಾಡೆಲ್ ಮೇಲೆ. ಸ್ಕೇಲ್ ಅಂದರೆ ಒಂದೇ ಗುಣಕ, ಬಾಗಿದ್ದನ್ನು ಅದು ನೆಟ್ಟಗೆ ಮಾಡುವುದಿಲ್ಲ. ಲೆನ್ಸ್‌ನ ವಕ್ರತೆಯನ್ನು ಸಾಫ್ಟ್‌ವೇರ್ ತಪ್ಪಾಗಿ ಅಂದಾಜು ಮಾಡಿದರೆ ಚಪ್ಪಟೆ ಮೇಜು ಬೋಗುಣಿಯ ಥರ ನಡುವೆ ತಗ್ಗುತ್ತದೆ ಅಥವಾ ಉಬ್ಬುತ್ತದೆ. ಎಲ್ಲ ಫೋಟೊಗಳನ್ನೂ ಒಂದೇ ದೂರದಿಂದ, ಸಮಾನಾಂತರವಾಗಿ ತೆಗೆದಾಗ ಇದು ಜಾಸ್ತಿ. ಮಾಡೆಲ್‌ನಲ್ಲಿ ಮೇಜಿನ ಮೇಲ್ಮೈಯನ್ನು ಪಕ್ಕದಿಂದ ನೋಡಿ, ಬೋಗುಣಿ ಇದ್ದರೆ ಕಣ್ಣಿಗೇ ಕಾಣುತ್ತದೆ. ಅದಕ್ಕೆ ಮದ್ದು ಹೊಸ ಫೋಟೊಗಳು: ಓರೆಯಾಗಿ ಕೆಲವು, ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಹಿಡಿದು ಕೆಲವು. ಇನ್ನಷ್ಟು ಬಾರ್ ಸೇರಿಸಿ ಬಲವಂತವಾಗಿ ನೆಟ್ಟಗೆ ಮಾಡೋಣ ಅನ್ನುವವರಿದ್ದಾರೆ, ನನಗೆ ಅದು ಹಿಡಿಸುವುದಿಲ್ಲ. ಬಾರ್ ಇರುವ ಜಾಗದಲ್ಲಿ ಸರಿಯಾದಂತೆ ಕಂಡು, ಮಡಕೆ ಇರುವ ನಡುಜಾಗದಲ್ಲಿ ಬಾಗಿಯೇ ಉಳಿಯಬಹುದು.

ಮಡಕೆಯ ತಳವೂ ಬೇಕು. ತಲೆಕೆಳಗೆ ಮಾಡಿ ತೆಗೆದ ಫೋಟೊಗಳಿಗೆ ಮತ್ತೆ ಬಾರ್ ಇಡಬೇಕಾ?

ಇಟ್ಟರೆ ಒಳ್ಳೆಯದು. ಎರಡು ಸೆಟ್‌ಗಳನ್ನು ಬೇರೆ ಬೇರೆಯಾಗಿ ಜೋಡಿಸಿ, ಪ್ರತಿಯೊಂದಕ್ಕೂ ಅದರದ್ದೇ ಬಾರ್‌ಗಳಿಂದ ಸ್ಕೇಲ್ ಹಾಕಿ, ಆಮೇಲೆ ಕೂಡಿಸಿ. ಮಡಕೆಯ ಹೊಟ್ಟೆಯ ಅಗಲ ಎರಡರಲ್ಲೂ ಒಂದೇ ಬರಬೇಕು, ಅದೇ ಒಂದು ಪುಕ್ಕಟೆ ಪರೀಕ್ಷೆ. ಬಾರ್ ಇಡಲು ಜಾಗ ಇಲ್ಲದಿದ್ದರೆ ಎರಡೂ ಸೆಟ್‌ಗಳಲ್ಲಿ ಕಾಣುವ ಕಲೆ, ಗೀರುಗಳನ್ನು ಗುರುತಿಸಿ ಎರಡನೆಯದನ್ನು ಮೊದಲನೆಯದರ ಮೇಲೆ ಕೂರಿಸಬಹುದು. ಆಗ ಸ್ಕೇಲ್ ಕೂಡ ಹೊಂದಿಸುವ ಆಯ್ಕೆ ಆನ್ ಇರಲಿ.

ಎಲ್ಲ ಸರಿಯಾಗಿತ್ತು, ಪ್ರಿಂಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಮಡಕೆ ಸಾಸಿವೆ ಕಾಳಿನಷ್ಟಿದೆ!

ಗಾಬರಿ ಬೇಡ. STL ಫೈಲ್‌ನಲ್ಲಿ ಸಂಖ್ಯೆಗಳಿರುತ್ತವೆ, ಅವು ಯಾವ ಅಳತೆಯವು ಎಂದು ಬರೆದಿರುವುದಿಲ್ಲ. ನೀವು ಮೀಟರ್‌ನಲ್ಲಿ ಉಳಿಸಿದ 0.3099 ಅನ್ನು ಪ್ರಿಂಟ್ ಸಾಫ್ಟ್‌ವೇರ್ 0.3099 ಮಿಲಿಮೀಟರ್ ಎಂದು ಓದಿದೆ. 1000ದಿಂದ ಗುಣಿಸಿ, ಅಂದರೆ 100000 ಶೇಕಡಾ ಎಂದು ಕೊಡಿ. ನಾನು ಈಗ ಫೈಲ್ ಹೆಸರಿನಲ್ಲೇ ಅಳತೆ ಸೇರಿಸುತ್ತೇನೆ, `madake_mm.stl` ಅಂತ. ಎರಡನೇ ಸಲದ ಮುಚ್ಚಳವನ್ನು ಬಾಯಿಗಿಂತ ಅರ್ಧ ಮಿಲಿಮೀಟರ್ ಚಿಕ್ಕದಾಗಿ, 119.9ಕ್ಕೆ ಮಾಡಿದೆ. ಕೂತಿತು, ಒಂದು ಕಡೆ ಸ್ವಲ್ಪ ಉಜ್ಜುತ್ತದೆ, ಯಾಕೆಂದರೆ ಮಡಕೆಯ ಬಾಯಿಯೇ ಪೂರ್ತಿ ದುಂಡಗಿಲ್ಲ.